ನೀರುಗಂಟಿ ಆಯ್ಕೆ: ಪ್ರಶ್ನೆಗಳಿಗೂ ಮೊದಲು ಕರ್ತವ್ಯಪಟ್ಟಿ
(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸ)



ನೀರುಗಂಟಿ ಹುದ್ದೆಯ ಸಂದರ್ಶನದಲ್ಲಿ "ಅನುಭವ ಇದೆಯೇ?" ಎಂದು ಕೇಳಿದರೆ, ಬಂದವರೆಲ್ಲರೂ "ಇದೆ" ಎನ್ನುತ್ತಾರೆ. ಇದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲಾಗದು. ಆ ಹುದ್ದೆಯಿಂದ ಊರಿಗೆ ಏನು ಆಗಬೇಕೆಂಬುದು ಬರಹದಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ.

"ನೀರು ಬಿಡುವುದು" ಎಂದಷ್ಟೇ ಬರೆದರೆ ಅದು ಕರ್ತವ್ಯಪಟ್ಟಿಯಾಗದು. ಅಳೆಯಬಹುದಾದ ಫಲಗಳನ್ನು ಬರೆಯಬೇಕು. ಉದಾಹರಣೆಗೆ ಮೂರು ಸಾಕು: ಕೊಳವೆ ಮಾರ್ಗದ ಕೊನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಪ್ರತಿ ಓಣಿಗೂ ಸರದಿಯ ದಿನ ನೀರು ತಲುಪಬೇಕು. ಪಂಪು ನಡೆದ ವೇಳೆ ಮತ್ತು ಸೋರಿಕೆಗಳು ಅಂದಂದೇ ವಹಿಯಲ್ಲಿ ದಾಖಲಾಗಬೇಕು.

ಅನಂತರ ಅಂಕಪಟ್ಟಿ. ಮೂರು ಫಲಗಳಿಗೆ ಕ್ರಮವಾಗಿ 40, 30, 30 ಅಂಕಗಳನ್ನು ಇಡಬಹುದು. ಪೂರ್ಣ ಅಂಕ ಯಾವ ಉತ್ತರಕ್ಕೆ, ಅರ್ಧ ಯಾವುದಕ್ಕೆ ಎಂಬುದನ್ನೂ ಮೊದಲೇ ಬರೆದಿಡಬೇಕು. ಅರ್ಜಿದಾರರು ಯಾರೆಂದು ತಿಳಿದ ಮೇಲೆ ಬರೆದ ಪಟ್ಟಿ ವ್ಯಕ್ತಿಗೆ ತಕ್ಕಂತೆ ಬಾಗುತ್ತದೆ. ಆದ್ದರಿಂದ ಅರ್ಜಿ ಕರೆಯುವ ಮುನ್ನವೇ ಅದನ್ನು ಸಭೆಯಲ್ಲಿ ಅಂಗೀಕರಿಸುವುದು ಯುಕ್ತ.

ಪ್ರಶ್ನೆಗಳು ಈ ಪಟ್ಟಿಯಿಂದ ತಾವಾಗಿಯೇ ಹೊರಡುತ್ತವೆ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿ.ಗ್ರಾಂನಂತೆ ಕ್ಲೋರಿನ್ ಸೇರಿಸಲು 100 ಗ್ರಾಂ ಕ್ಲೋರಿನ್ ಬೇಕು. ಶೇ. 33ರಷ್ಟು ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿಯಾದರೆ ಸುಮಾರು 300 ಗ್ರಾಂ. "ಬೆಳಿಗ್ಗೆ ಇಷ್ಟು ಪುಡಿ ಹಾಕಿದೆ, ಆದರೂ ಕೊನೆಯ ನಳದಲ್ಲಿ ಕ್ಲೋರಿನ್ ಕಾಣುತ್ತಿಲ್ಲ. ಏನು ನೋಡುವಿರಿ?" ಎಂದು ಕೇಳಬಹುದು. ಪುಡಿ ಹಳತಾಗಿ ಸತ್ವ ಕಳೆದಿದೆಯೇ, ಕೊಳವೆ ಒಡೆದು ಚರಂಡಿಯ ನೀರು ಸೇರುತ್ತಿದೆಯೇ ಎಂದು ಹುಡುಕುವವರಿಗೆ ಪೂರ್ಣ ಅಂಕ. "ಇನ್ನಷ್ಟು ಪುಡಿ ಹಾಕುವೆ" ಎನ್ನುವವರಿಗೆ ಅರ್ಧ. ಸಾಧ್ಯವಾದರೆ ಪರೀಕ್ಷಾ ಕಿಟ್ ಕೊಟ್ಟು, ಒಂದು ನಳದ ನೀರನ್ನು ಪರೀಕ್ಷಿಸಲು ಹೇಳಬೇಕು. ಮಾತಿಗಿಂತ ಕೈ ಹೆಚ್ಚು ತಿಳಿಸುತ್ತದೆ.

ಸದಸ್ಯರು ಪರಸ್ಪರ ಚರ್ಚಿಸುವ ಮೊದಲು ಪ್ರತ್ಯೇಕವಾಗಿ ಅಂಕ ಬರೆಯಬೇಕು. ಒಂದೇ ಉತ್ತರಕ್ಕೆ ಒಬ್ಬರು 35, ಇನ್ನೊಬ್ಬರು 10 ಕೊಟ್ಟಿದ್ದರೆ, ದೋಷ ಬಹುಪಾಲು ಅಂಕಪಟ್ಟಿಯ ಆ ಸಾಲಿನ ಅಸ್ಪಷ್ಟತೆಯಲ್ಲಿರುತ್ತದೆ.

ಈ ಕ್ರಮಕ್ಕೆ ಮಿತಿಯೂ ಉಂಟು. ವಿದ್ಯಾರ್ಹತೆ, ಮೀಸಲಾತಿ, ಜಿಲ್ಲಾ ಪಂಚಾಯತಿಯ ಅನುಮೋದನೆ ಇವು ನಿಯಮದಂತೆಯೇ ನಡೆಯತಕ್ಕವು. ಸಂದರ್ಶನಕ್ಕೆ ನಿಯಮ ಎಷ್ಟು ಅವಕಾಶ ಕೊಡುವುದೋ ಅಷ್ಟರೊಳಗೆ ಮಾತ್ರ ಅಂಕಪಟ್ಟಿ ಸಲ್ಲುತ್ತದೆ. ಅಲ್ಲದೆ, ಕರವಸೂಲಿಗಾರರ ಹುದ್ದೆಗೆ ಇದೇ ಪಟ್ಟಿಯನ್ನು ನಕಲು ಮಾಡಲಾಗದು. ಅಲ್ಲಿ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕವೇ ಫಲ. ಆಯ್ಕೆಯಾದವರಿಗೆ ಮೊದಲ ದಿನವೇ ಈ ಪಟ್ಟಿಯ ಪ್ರತಿಯನ್ನು ಕೊಟ್ಟರೆ, ಆರು ತಿಂಗಳ ನಂತರದ ಪರಿಶೀಲನೆಗೂ ಅದೇ ಆಧಾರವಾಗುತ್ತದೆ.