ಗುಂಡು ಎಸೆತ: ಎರಡು ಕೈಯಿಂದ ಗ್ಲೈಡ್‌ವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಕಂಪ್ಯೂಟರ್ ಕೆಲಸದವನು. ಆ ವಿಷಯವನ್ನೇ ಮಾತಾಡುತ್ತೇನೆ ಎಂದು ಸಂಘಟಕರು ಅಂದುಕೊಂಡಿದ್ದರೋ ಏನೋ. ಆದರೆ ಈ ಮೈದಾನದ ಮೂಲೆಯಲ್ಲಿ ನಾನು ತಪ್ಪಾಗಿ ಕಲಿತು, ಬಹಳ ತಡವಾಗಿ ಸರಿಯಾಗಿ ಕಲಿತ ವಿಷಯ ಒಂದಿದೆ. ಅದು ಗುಂಡು ಎಸೆತ. ಅದನ್ನೇ ಹೇಳಲು ಅನುಮತಿ ಕೇಳಿಕೊಂಡಿದ್ದೇನೆ.

ಹತ್ತನೇ ತರಗತಿಯಲ್ಲಿದ್ದಾಗ ನಾನು ಒಂದು ಕ್ರೀಡಾಕೂಟಕ್ಕೆ ಹೋಗಿದ್ದೆ. ಅದಕ್ಕೆ ಒಂದು ವಾರ ಮೊದಲು ದೊಡ್ಡ ಹುಡುಗರು ಹಿಮ್ಮುಖವಾಗಿ ಜಾರಿಕೊಂಡು ಬಂದು ಗುಂಡು ಎಸೆಯುವುದನ್ನು ನೋಡಿದ್ದೆ. ಅದಕ್ಕೆ ಗ್ಲೈಡ್ ಎನ್ನುತ್ತಾರೆ. ನೋಡಿ ಕಲಿತದ್ದಷ್ಟೇ, ಯಾರೂ ಕಲಿಸಿದ್ದಲ್ಲ. ಮೂರು ಅವಕಾಶಗಳಲ್ಲಿ ಮೊದಲನೆಯದರಲ್ಲಿ ಕಾಲು ವೃತ್ತದ ಮುಂದಿನ ಹಲಗೆ ದಾಟಿತು, ಫೌಲ್. ಎರಡನೆಯದರಲ್ಲಿ ಗುಂಡು ಕುತ್ತಿಗೆಯಿಂದ ಜಾರಿ ಭುಜದ ಹಿಂದೆ ಹೋಯಿತು, ಅದೂ ಫೌಲ್. ಮೂರನೆಯದು ಅಳತೆಗೆ ಸಿಕ್ಕಿತು, ಆದರೆ ನಾನು ನಿಂತಲ್ಲಿಂದಲೇ ಎಸೆಯುತ್ತಿದ್ದುದಕ್ಕಿಂತ ಒಂದು ಮೀಟರ್ ಕಡಿಮೆ. ಮೊಣಕೈ ಒಂದು ತಿಂಗಳು ನೋಯುತ್ತಿತ್ತು.

ಮುಂದೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬ ಸೀನಿಯರ್ ನನ್ನ ಎಸೆತ ನೋಡಿ, "ನೀನು ಮಾವಿನಕಾಯಿಗೆ ಕಲ್ಲು ಹೊಡೀತಾ ಇದ್ದೀಯ" ಎಂದರು. ಸರಿಯಾದ ಮಾತು. ಕನ್ನಡದಲ್ಲಿ ನಾವು ಇದನ್ನು 'ಎಸೆತ' ಎನ್ನುತ್ತೇವೆ, ಆ ಹೆಸರೇ ಮಕ್ಕಳ ದಾರಿ ತಪ್ಪಿಸುತ್ತದೆ. ನಿಜಕ್ಕೂ ಇದು ಎಸೆತವಲ್ಲ, ದೂಡುವುದು. ಗುಂಡು ಕುತ್ತಿಗೆಗೆ ಅಥವಾ ಗಲ್ಲಕ್ಕೆ ತಾಗಿಕೊಂಡೋ ತೀರಾ ಹತ್ತಿರವೋ ಇರಬೇಕು, ಅಲ್ಲಿಂದ ಕೈ ಕೆಳಗಿಳಿಯಬಾರದು, ಗುಂಡು ಭುಜದ ಗೆರೆಯ ಹಿಂದೆ ಹೋಗಬಾರದು ಎಂದು ನಿಯಮವೇ ಹೇಳುತ್ತದೆ. ಮೊಣಕೈ ಗುಂಡಿನ ಹಿಂದೆ ಇದ್ದರೆ ಅದು ದೂಡುವುದು. ಮೊಣಕೈ ಗುಂಡಿಗಿಂತ ಮುಂದೆ ಹೋದರೆ ಅದು ಕಲ್ಲೆಸೆತ, ನೋವು ಬರುವುದು ಅಲ್ಲಿಯೇ.

ಆ ಸೀನಿಯರ್ ನನ್ನ ಕೈಯಿಂದ ಗುಂಡು ತೆಗೆದುಕೊಂಡು ಮೆಡಿಸಿನ್ ಬಾಲ್ ಕೊಟ್ಟರು. ಎರಡು ಕೈಯಲ್ಲಿ ಎದೆಗೆ ಹಿಡಿದು ದೂಡು ಎಂದರು. ನನಗೆ ಅವಮಾನವಾದಂತಾಯಿತು. ಅದರ ಕಾರಣ ನನಗೆ ಪೂರ್ತಿ ಅರ್ಥವಾದದ್ದು ಕಳೆದ ವರ್ಷ, ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ನಮ್ಮ ದೈಹಿಕ ಶಿಕ್ಷಣ ಶಿಕ್ಷಕರ ಒಪ್ಪಿಗೆ ಪಡೆದು ಸಂಜೆ ಹೊತ್ತು ಇಲ್ಲಿನ ಎಂಟು ಮಕ್ಕಳ ಜೊತೆ ನಿಂತಾಗ. ಎರಡು ಕೈಯಲ್ಲಿ ಹಿಡಿದ ಚೆಂಡನ್ನು ಕಲ್ಲಿನಂತೆ ಬೀಸಲು ಆಗುವುದೇ ಇಲ್ಲ. ಮೊಣಕೈಗಳು ತಾವಾಗಿಯೇ ಚೆಂಡಿನ ಹಿಂದೆ ನಿಲ್ಲುತ್ತವೆ. ಬಾಯಿಮಾತಿನಲ್ಲಿ ಹತ್ತು ಸಲ ತಿದ್ದುವ ತಪ್ಪು ಅಲ್ಲಿ ಹುಟ್ಟುವುದೇ ಇಲ್ಲ.

ಹಳೆಯ ವಾಲಿಬಾಲ್ ಒಂದರ ಒಳಗೆ ಬಟ್ಟೆಚೂರು ಮತ್ತು ಮರಳು ತುಂಬಿ ಹೊಲಿದು ಎರಡು ಕೆ.ಜಿ.ಯ ಚೆಂಡು ಮಾಡಿಕೊಂಡೆವು. ಮೊದಲು ಮಕ್ಕಳನ್ನು ಮೊಣಕಾಲೂರಿ ಕೂರಿಸಿ ದೂಡಿಸಿದೆ. ಆಮೇಲೆ ನಿಂತು, ಕಾಲುಗಳನ್ನು ಭುಜದಗಲ ಇಟ್ಟು, ಮೊಣಕಾಲು ಮಡಚಿ, ಏಳುತ್ತಾ ದೂಡಿಸಿದೆ. ಅದೇ ಮಗು, ಅದೇ ಚೆಂಡು, ಆದರೆ ನಿಂತಾಗ ಎಷ್ಟೋ ದೂರ ಹೋಗುತ್ತದೆ. ಆ ವ್ಯತ್ಯಾಸವನ್ನು ಟೇಪ್ ಹಿಡಿದು ಅವರ ಕೈಯಿಂದಲೇ ಅಳೆಸಬೇಕು. ಬಲ ಕಾಲಿನಿಂದ ಬರುತ್ತದೆ ಎಂದು ಆಮೇಲೆ ಬೇರೆ ಹೇಳಬೇಕಾಗಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ದೂಡಬೇಕು, ಸೀಟಿ ಊದಿದ ಮೇಲೆಯೇ ಚೆಂಡು ತರಲು ಹೋಗಬೇಕು. ಇದೊಂದರಲ್ಲಿ ಮಾತ್ರ ನಾನು ಸಲಿಗೆ ಕೊಡಲಿಲ್ಲ.

ಒಂದು ವಾರದ ನಂತರ ಮೂರು ಕೆ.ಜಿ.ಯ ಕಬ್ಬಿಣದ ಗುಂಡು ಕೊಟ್ಟೆ. ಅದು ಅಂಗೈಯಲ್ಲಿ ಕೂರಬಾರದು, ಬೆರಳುಗಳ ಬುಡದಲ್ಲಿ ಕೂರಬೇಕು. ನಡುವಿನ ಮೂರು ಬೆರಳು ಹಿಂದೆ, ಹೆಬ್ಬೆರಳು ಮತ್ತು ಕಿರುಬೆರಳು ಬದಿಗೆ ಆಸರೆ. ಕೈಯನ್ನು ತಲೆಯ ಮೇಲೆ ನೇರ ಎತ್ತಿ, ಹಾಗೆಯೇ ಇಳಿಸಿ ದವಡೆಯ ಕೆಳಗೆ ಕುತ್ತಿಗೆಗೆ ಒತ್ತಿದರೆ ಗುಂಡಿಗೆ ಅದರ ಜಾಗ ಸಿಗುತ್ತದೆ. ನಮ್ಮೂರಿನ ಕೆಂಪು ಮಣ್ಣು ಇಲ್ಲಿ ಒಳ್ಳೆಯ ತೀರ್ಪುಗಾರ. ಅಭ್ಯಾಸ ಮುಗಿದ ಮೇಲೆ ಕುತ್ತಿಗೆಯಲ್ಲಿ ಕೆಂಪು ಗುರುತಿದ್ದು ಅಂಗೈ ನಡು ಸ್ವಚ್ಛವಾಗಿದ್ದರೆ ಹಿಡಿತ ಸರಿ. ಅಂಗೈಯೆಲ್ಲ ಕೆಂಪಾಗಿ ಕುತ್ತಿಗೆ ಸ್ವಚ್ಛವಾಗಿದ್ದರೆ ಮಗು ಕಲ್ಲೆಸೆಯುತ್ತಿದೆ ಎಂದರ್ಥ. ತಾಯಂದಿರು ಮಾತ್ರ ಅಂಗಿಯ ಕಾಲರ್ ನೋಡಿ ನನಗೆ ಬೈದಿರಬಹುದು.

ಈ ಹಿಡಿತದಲ್ಲಿ ಮೊದಲು ಮುಂದಕ್ಕೆ ಮುಖ ಮಾಡಿ ನಿಂತೇ ಒಂದು ಕೈಯಿಂದ ದೂಡಬೇಕು. ಆಮೇಲೆ ಪಕ್ಕಕ್ಕೆ ತಿರುಗಿ ನಿಲ್ಲುವ ಭಂಗಿ. ಇದೇ ಇಡೀ ವಿದ್ಯೆಯ ಹೃದಯ. ನಾನು ಬಲಗೈಯವರಿಗೆ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಿ. ಭಾರವೆಲ್ಲ ಮಡಚಿದ ಬಲಗಾಲಿನ ಮೇಲೆ, ಆ ಹಿಮ್ಮಡಿ ಸ್ವಲ್ಪ ಎದ್ದಿರಬೇಕು. ಎಡಗಾಲು ಎಸೆಯುವ ದಿಕ್ಕಿಗೆ ಚಾಚಿರಬೇಕು. ಎದೆ ಮತ್ತು ಮುಖ ಹಿಂದಕ್ಕೆ. ಪಕ್ಕದಿಂದ ನೋಡಿದರೆ ಗಲ್ಲ, ಬಲ ಮೊಣಕಾಲು, ಬಲಗಾಲ ಬೆರಳು ಮೂರೂ ಒಂದೇ ಗೆರೆಯಲ್ಲಿ ಕಾಣಬೇಕು. ಅಲ್ಲಿಂದ ಮೊದಲು ಬಲ ಹಿಮ್ಮಡಿ ತಿರುಗುತ್ತದೆ, ಆಮೇಲೆ ಸೊಂಟ, ಆಮೇಲೆ ಎದೆ, ಎಲ್ಲದರ ಕೊನೆಗೆ ಕೈ. ಎಡಗಾಲು ಗೂಟದಂತೆ ಗಟ್ಟಿ ನಿಲ್ಲಬೇಕು. ಕೈ ಮೊದಲು ಹೊರಟರೆ ಕಾಲಿನ ಬಲವೆಲ್ಲ ನೆಲದಲ್ಲೇ ಉಳಿಯುತ್ತದೆ.

ವಿಜ್ಞಾನ ಓದುವ ಮಕ್ಕಳು ಇಲ್ಲಿ 45 ಡಿಗ್ರಿಯ ಪ್ರಶ್ನೆ ಕೇಳುತ್ತಾರೆ. ಪಾಠದ ಆ ಲೆಕ್ಕ ನೆಲದಿಂದಲೇ ಹೊರಟು ನೆಲಕ್ಕೇ ಬೀಳುವ ವಸ್ತುವಿಗೆ. ಗುಂಡು ಹೊರಡುವುದು ತಲೆಯ ಎತ್ತರದಿಂದ, ಜೊತೆಗೆ ನಮ್ಮ ದೇಹಕ್ಕೆ ಸ್ವಲ್ಪ ಚಪ್ಪಟೆಯಾಗಿ ದೂಡುವಾಗಲೇ ಹೆಚ್ಚು ವೇಗ ಸಿಗುತ್ತದೆ. ಹಾಗಾಗಿ 35ರಿಂದ 38 ಡಿಗ್ರಿ ಸಾಕು. ಡಿಗ್ರಿ ಹೇಳಿದರೆ ಮಗುವಿನ ಕೈಗೆ ತಿಳಿಯುವುದಿಲ್ಲ, ಅದಕ್ಕೆ ಎರಡು ಮೀಟರ್ ಮುಂದೆ ಅಡಿಕೆ ಸಲಾಕೆ ನೆಟ್ಟು ಎರಡೂಕಾಲು ಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿದೆವು. ಆರು ಮೀಟರ್ ಸುಮಾರಿಗೆ ಎಸೆಯುವ ಮಗುವಿನ ಗುಂಡು ಆ ಹಗ್ಗವನ್ನು ಸ್ವಲ್ಪದರಲ್ಲೇ ದಾಟಿದರೆ ಕೋನ ಸರಿಯಿದೆ.

ಈಗ ಗ್ಲೈಡ್. ಅಮೆರಿಕದ ಪ್ಯಾರಿ ಓಬ್ರಿಯನ್ ಎಂಬವರು 1950ರ ದಶಕದಲ್ಲಿ ಎಸೆಯುವ ದಿಕ್ಕಿಗೆ ಪೂರ್ತಿ ಬೆನ್ನು ಹಾಕಿ ನಿಂತು ಜಾರುವ ಕ್ರಮವನ್ನು ರೂಢಿಗೆ ತಂದರು. 1952 ಮತ್ತು 1956ರ ಒಲಿಂಪಿಕ್ಸ್ ಚಿನ್ನ ಗೆದ್ದರು, 1954ರಲ್ಲಿ ಮೊದಲ ಬಾರಿಗೆ 60 ಅಡಿ ದಾಟಿಸಿದರು. ಬೆನ್ನು ಹಾಕಿ ಆರಂಭಿಸಿದರೆ ಗುಂಡನ್ನು ದೂಡುವ ದಾರಿ ಉದ್ದವಾಗುತ್ತದೆ, ಅದರಿಂದ ವೇಗ ಹೆಚ್ಚುತ್ತದೆ. ಆದರೆ ಒಂದು ಲೆಕ್ಕ ನೆನಪಿಡಿ. ಪಳಗಿದವರಿಗೂ ಗ್ಲೈಡ್‌ನಿಂದ ಸಿಗುವುದು ಒಂದೂವರೆ, ಎರಡು ಮೀಟರ್. ಉಳಿದದ್ದೆಲ್ಲ ನಿಂತ ಭಂಗಿಯ ಗಳಿಕೆ. ನಾನು ಹತ್ತನೇ ತರಗತಿಯಲ್ಲಿ ಆ ಎರಡು ಮೀಟರಿನ ಆಸೆಗೆ ಉಳಿದದ್ದನ್ನೂ ಕಳಕೊಂಡಿದ್ದೆ.

ಅದಕ್ಕೆ ನಾವು ನೇರ ಜಾರಲಿಲ್ಲ. ಮೊದಲು ಬೆನ್ನು ಹಾಕಿ ನಿಂತು ನಡೆದುಕೊಂಡೇ ಬಂದೆವು: ಬಲಗಾಲನ್ನು ಹಿಂದಕ್ಕೆ ವೃತ್ತದ ನಡುವಿಗೆ ಇಡುವುದು, ಎಡಗಾಲನ್ನು ಹಲಗೆಯ ಹತ್ತಿರ ಇಡುವುದು, ಅಲ್ಲಿಗೆ ಆ ಭಂಗಿ ಸಿಗಬೇಕು, ಆಮೇಲೆ ದೂಡುವುದು. ಅದು ಬಂದ ಮೇಲೆ ಗುಂಡಿಲ್ಲದೆ ಗ್ಲೈಡ್. ಬಲಗಾಲಿನ ಮೇಲೆ ಬಗ್ಗಿ, ಎಡಗಾಲನ್ನು ನೆಲದ ಹತ್ತಿರವೇ ಹಲಗೆಯ ಕಡೆಗೆ ಒದ್ದು, ಬಲಗಾಲಿನಿಂದ ನೆಲ ದೂಡಿ, ಆ ಪಾದವನ್ನು ಬೇಗ ದೇಹದ ಕೆಳಗೆ ಎಳೆದುಕೊಳ್ಳುವುದು.

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಯ ಕತೆ ಹೇಳುತ್ತೇನೆ. ನಿಂತ ಭಂಗಿಯಿಂದ ಅವಳು 5.70 ಮೀಟರ್ ಎಸೆಯುತ್ತಿದ್ದಳು. ನಡೆದು ಬಂದು ಎಸೆದಾಗ 5.90. ಗುಂಡು ಹಿಡಿದು ಮೊದಲ ಸಲ ಗ್ಲೈಡ್ ಮಾಡಿದಾಗ 5.20. "ಅಣ್ಣಾ, ಮೊದಲೇ ದೂರ ಹೋಗ್ತಿತ್ತಲ್ವಾ, ಇದು ಬೇಡ" ಎಂದಳು. ನನಗೆ ನನ್ನ ಹಳೆಯ ಕ್ರೀಡಾಕೂಟ ನೆನಪಾಯಿತು.

ಮೊಬೈಲಿನಲ್ಲಿ ಪಕ್ಕದಿಂದ ನಿಧಾನಗತಿಯ ವೀಡಿಯೋ ತೆಗೆದೆ. ಮೂರು ತಪ್ಪು ಕಂಡವು. ಅವಳು ಜಾರುವ ಬದಲು ಮೇಲಕ್ಕೆ ಹಾರುತ್ತಿದ್ದಳು. ಬಲಪಾದ ಹಿಂದೆಯೇ ಉಳಿಯುತ್ತಿತ್ತು, ಅದರಿಂದ ಭಾರ ಎಡಗಾಲಿಗೆ ಹೋಗಿಬಿಡುತ್ತಿತ್ತು. ಕಾಲು ನೆಲ ಮುಟ್ಟುವ ಮೊದಲೇ ಎದೆ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಇಲ್ಲೂ ಹಾಗೆಯೇ ಮಾಡಿದೆ. ಮೂರರಲ್ಲಿ ಬಲಪಾದವನ್ನು ಆರಿಸಿಕೊಂಡೆ, ಯಾಕೆಂದರೆ ಪಾದ ದೇಹದ ಕೆಳಗೆ ಬಾರದಿದ್ದರೆ ಉಳಿದೆರಡನ್ನು ತಿದ್ದಿಯೂ ಪ್ರಯೋಜನವಿಲ್ಲ.

ಗುಂಡು ತೆಗೆದಿಟ್ಟೆವು. ವೃತ್ತದ ನಡುವೆ ಸುಣ್ಣದ ಗೆರೆ ಎಳೆದು, ಬಲಪಾದ ಅದರ ಮೇಲೆ ಓರೆಯಾಗಿ ಇಳಿಯಬೇಕು ಎಂದೆ. ಸಡಿಲ ಮಣ್ಣಿನಲ್ಲಿ ಪಾದ ಎಲ್ಲಿ ಇಳಿಯಿತು ಎಂಬುದು ಅವಳಿಗೇ ಕಾಣುತ್ತಿತ್ತು. ಐದಾರು ದಿನ ಇಷ್ಟೇ. ಪಾದ ಸರಿಯಾಗುತ್ತಿದ್ದಂತೆ ಹಾರುವುದು ತಾನಾಗಿ ಕಡಿಮೆಯಾಯಿತು. ಎದೆ ತೆರೆಯುವುದಕ್ಕೆ ಒಂದು ಬೈರಾಸು ಸಾಕಾಯಿತು: ಅದರ ಒಂದು ತುದಿ ಅವಳ ಎಡಗೈಯಲ್ಲಿ, ಇನ್ನೊಂದು ತುದಿ ವೃತ್ತದ ಹಿಂದೆ ನಿಂತ ಗೆಳತಿಯ ಕೈಯಲ್ಲಿ. ಕಾಲೆರಡೂ ಇಳಿಯುವವರೆಗೆ ಬೈರಾಸು ಬಿಡುವಂತಿಲ್ಲ, ಹಾಗಾಗಿ ಭುಜ ಹಿಂದಕ್ಕೇ ಉಳಿಯುತ್ತದೆ. ಕೊನೆಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಬಲಗಾಲು ಇಳಿದ ಸದ್ದಿನ ಬೆನ್ನಿಗೇ ಎಡಗಾಲಿನ ಸದ್ದು ಬಂದರೆ ಸರಿ. ನಡುವೆ ಬಿಡುವಿದ್ದರೆ ಗಳಿಸಿದ ವೇಗ ಅಲ್ಲೇ ಸತ್ತಿದೆ.

ಮೂರು ವಾರಗಳ ನಂತರ ಗುಂಡು ಹಿಡಿದು ಎಸೆದಾಗ 6.45 ಬಂತು. ಅದೇ ದಿನ ನಿಂತಲ್ಲಿಂದ ಎಸೆಸಿದೆ, 5.80. ಈ ಎರಡು ಅಂಕೆಗಳನ್ನು ಯಾವಾಗಲೂ ಒಟ್ಟಿಗೆ ಬರೆದಿಡಬೇಕು. ಗ್ಲೈಡ್ ಹಿಂದೆ ಬಿದ್ದ ದಿನ ನಡಿಗೆಗೆ ಮರಳಬೇಕು, ನಡಿಗೆಯೂ ಹಿಂದೆ ಬಿದ್ದರೆ ನಿಂತ ಭಂಗಿಗೆ. ಎಂಟು ಮಕ್ಕಳಲ್ಲಿ ಮೂವರು ವರ್ಷಾಂತ್ಯಕ್ಕೂ ನಡಿಗೆಯಲ್ಲೇ ಇದ್ದರು. ಕ್ರೀಡಾಕೂಟಕ್ಕೆ ಅವರು ಹಾಗೆಯೇ ಹೋದರು. ನಡೆದು ಬಂದು ಎಸೆಯಬಾರದೆಂಬ ನಿಯಮ ಇಲ್ಲ. ವೃತ್ತದ ಹಿಂಭಾಗದಿಂದ ಹೊರಬರಬೇಕು ಎಂಬುದನ್ನು ಮಾತ್ರ ಅಭ್ಯಾಸದಲ್ಲೇ ರೂಢಿ ಮಾಡಿಸಿದ್ದೆ, ಮೂವರಿಗೂ ಒಂದೂ ಫೌಲ್ ಆಗಲಿಲ್ಲ.

ಆ ಎರಡು ಕೆ.ಜಿ.ಯ ಚೆಂಡು ಈಗಲೂ ಕ್ರೀಡಾ ಕೋಣೆಯಲ್ಲಿದೆ. ಮಳೆಗೆ ನೆನೆದು ಹೊಲಿಗೆ ಬಿಟ್ಟಿದೆ, ಮರಳು ಸುರಿಯುತ್ತಿದೆ. ಇಲ್ಲಿ ಹೊಲಿಗೆ ಬಲ್ಲವರು ಯಾರಾದರೂ ಇದ್ದರೆ ಊಟ ಮುಗಿಸಿ ನನ್ನನ್ನು ಕಾಣಿ.