ಕೆಲಸ ಮುಗಿಸಿದವರು ಯಾರು?

ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯ ತಂದೆತಾಯಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಮಾತು ಒಂದೇ. "ಮಾಸ್ತರ್, ನಮ್ಮ ಹುಡುಗನಿಗೆ ಹ್ಯಾವಿಂಗ್ ಹಾಕಿ ವಾಕ್ಯ ಜೋಡಿಸೋದು ಬಾಯಿಪಾಠ ಬರತದ. ಆದರೂ ಪರೀಕ್ಷೆಯೊಳಗೆ ಅದಕ್ಕೇ ಮಾರ್ಕ್ಸ್ ಹೋಗತಾವ. ಕನ್ನಡ ಮಾಧ್ಯಮದಾಗ ಓದಿದ್ದಕ್ಕ ಹಿಂಗಾತೇನು?"

ಇಲ್ಲ. ಕನ್ನಡ ಮಾಧ್ಯಮ ಇದಕ್ಕೆ ಕಾರಣವಲ್ಲ. "ಕನ್ನಡದಲ್ಲಿ ವಿಚಾರ ಮಾಡಬೇಡ್ರಿ, ಇಂಗ್ಲಿಷಿನಲ್ಲೇ ವಿಚಾರ ಮಾಡ್ರಿ" ಎಂದು ಹುಡುಗರಿಗೆ ಹೇಳುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. "ಕೆಲಸ ಮುಗಿಸಿ ಮನೆಗೆ ಹೋದ" ಎಂದು ಮೂರು ವರ್ಷದ ಕೂಸೂ ಹೇಳುತ್ತದೆ. ಎರಡು ಕೆಲಸಗಳನ್ನು ಒಂದೇ ವಾಕ್ಯಕ್ಕೆ ತರುವುದು ನಮ್ಮ ಭಾಷೆಗೆ ನೀರು ಕುಡಿದಷ್ಟು ಸುಲಭ. ತಪ್ಪುವುದು ಒಂದೇ ಜಾಗದಲ್ಲಿ, ಅದೂ ಪ್ರತಿ ಸಲ ಅದೇ ಜಾಗದಲ್ಲಿ. ಆ ಜಾಗ ಯಾವುದೆಂದು ಇವತ್ತು ಹೇಳುತ್ತೇನೆ.

ಗೈಡುಗಳಲ್ಲಿ ಒಂದು ಸೂತ್ರ ಕೊಟ್ಟಿರುತ್ತಾರೆ. ಮೊದಲನೆಯ ವಾಕ್ಯದ ಕರ್ತೃವನ್ನು ಹೊಡೆದುಹಾಕು, ಕ್ರಿಯಾಪದದ ಮೂರನೆಯ ರೂಪದ ಹಿಂದೆ ಹ್ಯಾವಿಂಗ್ ಇಡು, ಅಲ್ಪವಿರಾಮ ಹಾಕು, ಎರಡನೆಯ ವಾಕ್ಯ ಬರೆ. "ದ ಫಾರ್ಮರ್ ಫಿನಿಶ್ಡ್ ದ ವರ್ಕ್. ಹೀ ವೆಂಟ್ ಹೋಮ್." ಸೂತ್ರದ ಪ್ರಕಾರ ಹುಡುಗ ಬರೆಯುತ್ತಾನೆ: "ಹ್ಯಾವಿಂಗ್ ಫಿನಿಶ್ಡ್ ದ ವರ್ಕ್, ಹೀ ವೆಂಟ್ ಹೋಮ್." ಸರಿಯೇ, ಆದರೆ ರೈತ ಎಲ್ಲಿ ಹೋದ? ಮೊದಲ ವಾಕ್ಯದಲ್ಲಿ ಹೊಡೆದುಹಾಕಿದ ಹೆಸರನ್ನು ಎರಡನೆಯದಕ್ಕೆ ತರಬೇಕು. "ಹ್ಯಾವಿಂಗ್ ಫಿನಿಶ್ಡ್ ದ ವರ್ಕ್, ದ ಫಾರ್ಮರ್ ವೆಂಟ್ ಹೋಮ್." ಇದು ಚಿಕ್ಕ ತಪ್ಪು, ಒಮ್ಮೆ ತೋರಿಸಿದರೆ ಮಕ್ಕಳು ತಿದ್ದಿಕೊಳ್ಳುತ್ತಾರೆ.

ದೊಡ್ಡ ತಪ್ಪು ಬೇರೆ ಇದೆ. ಹ್ಯಾವಿಂಗ್‌ನಿಂದ ಶುರುವಾಗುವ ತುಂಡಿಗೆ ತನ್ನದೇ ಕರ್ತೃ ಇರುವುದಿಲ್ಲ. ಅಲ್ಪವಿರಾಮ ದಾಟಿದ ಮೇಲೆ ಬರುವ ಕರ್ತೃವನ್ನೇ ಅದು ತನ್ನದೆಂದು ಹಿಡಿದುಕೊಳ್ಳುತ್ತದೆ. ಅಲ್ಲಿ ಯಾರಿದ್ದಾರೋ ಅವರೇ ಕೆಲಸ ಮುಗಿಸಿದವರು ಎಂದಾಗುತ್ತದೆ.

ಈಗ ಕನ್ನಡ ನೋಡೋಣ. "ರಮೇಶ ಕೆಲಸ ಮುಗಿಸಿ ಸುರೇಶ ಮನೆಗೆ ಹೋದ" ಎಂದು ನಾವು ಯಾರೂ ಹೇಳುವುದಿಲ್ಲ. ಇಬ್ಬರು ಮನುಷ್ಯರು, ಎರಡು ಕೆಲಸ ಅಂದರೆ "ರಮೇಶ ಕೆಲಸ ಮುಗಿಸಿದ ಮೇಲೆ" ಎನ್ನುತ್ತೇವೆ. ಇಲ್ಲಿ ನಮ್ಮ ಕಿವಿಯೇ ನಮ್ಮನ್ನು ಕಾಯುತ್ತದೆ. ಆದರೆ ತಿಕೋಟಾದ ದ್ರಾಕ್ಷಿ ತೋಟದಲ್ಲಿ ನಿಂತ ರೈತ ಏನೆನ್ನುತ್ತಾನೆ? "ಮಳಿ ಬಂದು ದ್ರಾಕ್ಷಿ ಒಡದು ಹೋದ್ವು." ಬಂದದ್ದು ಮಳೆ, ಒಡೆದದ್ದು ಹಣ್ಣು. ಕರ್ತೃ ಎರಡು, ಆದರೂ ಈ ವಾಕ್ಯದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಮನುಷ್ಯ ಬೇಕೆಂದು ಮಾಡಿದ್ದಲ್ಲದ ಒಂದು ಘಟನೆ ಇನ್ನೊಂದಕ್ಕೆ ಕಾರಣವಾದರೆ ಕನ್ನಡ ಎರಡು ಕರ್ತೃಗಳನ್ನು ಒಪ್ಪಿಕೊಳ್ಳುತ್ತದೆ. ಮಳೆ ಬಂದು ಹಳ್ಳ ತುಂಬಿತು, ಗಾಳಿ ಬೀಸಿ ದೀಪ ಆರಿತು. ಇಂಗ್ಲಿಷಿನ ಹ್ಯಾವಿಂಗ್ ಇದನ್ನು ಒಪ್ಪುವುದಿಲ್ಲ.

ಹಾಗಾಗಿ ಉತ್ತರಪತ್ರಿಕೆಯಲ್ಲಿ "ಹ್ಯಾವಿಂಗ್ ರೇನ್ಡ್, ದ ಗ್ರೇಪ್ಸ್ ಕ್ರ್ಯಾಕ್ಡ್" ಎಂದು ಬರುತ್ತದೆ. ಅಲ್ಪವಿರಾಮದ ಆಚೆ ಇರುವುದು ದ್ರಾಕ್ಷಿ. ಅಂದರೆ ದ್ರಾಕ್ಷಿಯೇ ಮಳೆಗರೆದು, ದ್ರಾಕ್ಷಿಯೇ ಒಡೆಯಿತು ಎಂದಾಯಿತು. ಹುಡುಗನಿಗೆ ಇದು ತಪ್ಪೆಂದು ಹೊಳೆಯುವುದಿಲ್ಲ. ಅವನ ಕಿವಿಯೊಳಗೆ "ಮಳಿ ಬಂದು" ಸರಿಯಾಗಿಯೇ ಕೇಳುತ್ತಿರುತ್ತದೆ.

ಜ್ವರದ ಮಾತೂ ಹೀಗೆಯೇ. "ಬಿಸಿಲಾಗ ತಿರುಗಿ ನನಗ ಜ್ವರಾ ಬಂತು." ತಿರುಗಿದವನು ನಾನು, ಬಂದದ್ದು ಜ್ವರ. ನಮಗೆ ಹಸಿವು, ನಿದ್ದೆ, ಸಿಟ್ಟು, ಜ್ವರ ಎಲ್ಲವೂ ಬರುತ್ತವೆ, ಅವೇ ಕರ್ತೃ. ಇದನ್ನು ಹಾಗೇ ಎತ್ತಿ ಬರೆದರೆ ಬಿಸಿಲಿನಲ್ಲಿ ಜ್ವರವೇ ತಿರುಗಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಅಲ್ಪವಿರಾಮದ ಆಚೆ "ಐ" ಬರಲೇಬೇಕು: "ಹ್ಯಾವಿಂಗ್ ವಾಕ್ಡ್ ಇನ್ ದ ಸನ್, ಐ ಗಾಟ್ ಎ ಫೀವರ್."

ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಳೆ, ಗಾಳಿ, ಜ್ವರ, ನಿದ್ದೆ, ಬಸ್ಸು ಇಂಥವು ವಾಕ್ಯದಲ್ಲಿ ಕಂಡ ಕೂಡಲೇ ಪೆನ್ನು ನಿಲ್ಲಿಸಬೇಕು. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಈ ಅಭ್ಯಾಸದ ತಪ್ಪುಗಳು ಹೆಚ್ಚಾಗಿ ಇಲ್ಲಿಯೇ ಕೂತಿರುತ್ತವೆ.

ಹಾಗಾದರೆ ಕರ್ತೃ ಎರಡಿದ್ದಾಗ ಜೋಡಿಸಲು ಬರುವುದಿಲ್ಲವೇ? ಬರುತ್ತದೆ. ರೆನ್ ಮತ್ತು ಮಾರ್ಟಿನ್ ಅವರ ಹಳೆಯ ವ್ಯಾಕರಣ ಪುಸ್ತಕ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಅದರಲ್ಲಿ ವಾಕ್ಯ ಜೋಡಿಸುವ ವಿಧಾನಗಳನ್ನು ಹೇಳುವಾಗ ಕೃದಂತದಿಂದ ಜೋಡಿಸುವುದು ಒಂದು, ನಾಮಿನೇಟಿವ್ ಅಬ್ಸೊಲ್ಯೂಟ್ ಎಂಬುದು ಇನ್ನೊಂದು ಎಂದು ಬೇರೆ ಬೇರೆ ಮಾಡಿ ಕೊಟ್ಟಿದ್ದಾರೆ. ಆ ಉದ್ದ ಹೆಸರಿಗೆ ಹೆದರಬೇಕಿಲ್ಲ. ಮೊದಲ ವಾಕ್ಯದ ಕರ್ತೃವನ್ನು ಹೊಡೆದುಹಾಕದೆ ಹ್ಯಾವಿಂಗ್‌ಗಿಂತ ಮುಂಚೆ ಉಳಿಸಿಕೊಳ್ಳುವುದು, ಅಷ್ಟೇ.

ಬಬಲೇಶ್ವರದಿಂದ ವಿಜಯಪುರಕ್ಕೆ ದಿನಾ ಓಡಾಡುವ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಕೊಟ್ಟ ಲೆಕ್ಕ ಇದು. "ದ ಲಾಸ್ಟ್ ಬಸ್ ಹ್ಯಾಡ್ ಗಾನ್. ವೀ ವಾಕ್ಡ್ ಹೋಮ್." ಅವಳು ಬರೆದದ್ದು "ಹ್ಯಾವಿಂಗ್ ಗಾನ್ ದ ಲಾಸ್ಟ್ ಬಸ್, ವೀ ವಾಕ್ಡ್ ಹೋಮ್." ನಾನು ತಿದ್ದಲಿಲ್ಲ, ಕೇಳಿದೆ: ಹೋದದ್ದು ಏನು? "ಬಸ್ಸು, ಸರ್." ಅಲ್ಪವಿರಾಮದ ಆಚೆ ಯಾರಿದ್ದಾರೆ? "ನಾವು." ಎರಡೂ ಒಂದೇ ಏನವ್ವಾ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ಬಸ್ಸನ್ನು ಮುಂದಕ್ಕೆ ತಂದಳು: "ದ ಲಾಸ್ಟ್ ಬಸ್ ಹ್ಯಾವಿಂಗ್ ಗಾನ್, ವೀ ವಾಕ್ಡ್ ಹೋಮ್." ದ್ರಾಕ್ಷಿಯ ವಾಕ್ಯವೂ ಹೀಗೆಯೇ ಸರಿಹೋಗುತ್ತದೆ: "ದ ರೇನ್ ಹ್ಯಾವಿಂಗ್ ಕಮ್, ದ ಗ್ರೇಪ್ಸ್ ಕ್ರ್ಯಾಕ್ಡ್."

ಮನೆಯಲ್ಲಿ ಇಂಗ್ಲಿಷ್ ಬಾರದ ತಾಯಿಯೂ ಮಗುವಿಗೆ ಈ ಎರಡು ಪ್ರಶ್ನೆ ಕೇಳಬಹುದು. ಮೊದಲ ಕೆಲಸ ಮಾಡಿದವರು ಯಾರು? ಎರಡನೆಯದು ಮಾಡಿದವರು ಯಾರು? ಉತ್ತರ ಒಂದೇ ಆದರೆ ಮೊದಲ ಹೆಸರು ಹೋಗಲಿ, ಬೇರೆಯಾದರೆ ಉಳಿಯಲಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕನ್ನಡದಲ್ಲಿ ಎಷ್ಟು ಕೆಲಸ ಬೇಕಾದರೂ ಸಾಲಾಗಿ ಪೋಣಿಸಬಹುದು. ದ್ರಾಕ್ಷಿ ಕಡಿದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನೊಳಗೆ ಹರಡಿ, ಒಣಗಿಸಿ ಮಾರಿದೆವು. ಇಂಗ್ಲಿಷಿನಲ್ಲಿ ನಾಲ್ಕು ಹ್ಯಾವಿಂಗ್ ಪೋಣಿಸಬೇಡಿ. ಕೊನೆಯ ಕೆಲಸಕ್ಕಿಂತ ಮುಂಚಿನದಕ್ಕೆ ಒಂದು ಸಾಕು, ಉಳಿದವು ಸಾದಾ ವಾಕ್ಯವಾಗಿರಲಿ. ಹ್ಯಾವಿಂಗ್ ಬಂದ ಮೇಲೆ ನಡುವೆ "ಆಂಡ್", "ಸೋ" ಬೇಡ, ಅವುಗಳ ಕೆಲಸವನ್ನು ಅದೇ ಮಾಡಿದೆ. "ನಗುತ್ತ ಹೇಳಿದ" ಎಂಬಂತೆ ಎರಡೂ ಒಟ್ಟಿಗೆ ನಡೆದರೆ ಹ್ಯಾವಿಂಗ್ ಬೇಕಿಲ್ಲ, "ಲಾಫಿಂಗ್" ಸಾಕು. ಹ್ಯಾವಿಂಗ್ ಹೇಳುವುದು ಒಂದು ಮುಗಿದ ಮೇಲೆ ಇನ್ನೊಂದು ಎಂದು.

ಕೆಲಸ ಮುಗಿಯದಿದ್ದರೆ "ನಾಟ್" ಅನ್ನು ಹ್ಯಾವಿಂಗ್‌ಗಿಂತ ಮೊದಲು ಇಡಿ. "ನಾಟ್ ಹ್ಯಾವಿಂಗ್ ಫಿನಿಶ್ಡ್ ದ ವರ್ಕ್, ದ ಫಾರ್ಮರ್ ಸ್ಟೇಡ್ ಇನ್ ದ ಫೀಲ್ಡ್." ಕೆಲಸ ಮುಗಿದಿರಲಿಲ್ಲ, ಅದಕ್ಕೆ ರೈತ ಹೊಲದಲ್ಲೇ ಉಳಿದ ಎಂದರ್ಥ. ಇಲ್ಲಿಯೂ ಕೆಲಸ ಮುಗಿಸದವನು, ಉಳಿದವನು ಇಬ್ಬರೂ ಒಬ್ಬನೇ ಎಂಬುದನ್ನು ನೋಡಿಕೊಂಡು ಬರೆಯಿರಿ.