ನೆಟ್ ಹೋದಾಗ ಮಾಡಿದ ಬಿಲ್ಲು

ನಮ್ಮ ಅಂಗಡಿಯಲ್ಲಿ ಎರಡು ಬಿಲ್ಲಿಂಗ್ ಕೌಂಟರ್. ಒಂದಿನ ನೆಟ್ ಹೋಯ್ತು, ವ್ಯಾಪಾರ ನಿಲ್ಲಲಿಲ್ಲ. ತುಪ್ಪದ ಬಾಟಲಿ ಇದ್ದದ್ದು 20. ಒಂದು ಕೌಂಟರಲ್ಲಿ 3 ಹೋಯ್ತು, ಇನ್ನೊಂದರಲ್ಲಿ 5. ನೆಟ್ ಬಂದ ಮೇಲೆ ಮೊದಲನೆಯದು ‘ಉಳಿದದ್ದು 17’ ಅಂತು, ಎರಡನೆಯದು ‘15’ ಅಂತು. ಸರ್ವರ್ ಕೊನೆಗೆ ಬಂದ 15 ಅನ್ನೇ ಇಟ್ಕೊಂಡಿತು. ಕಪಾಟಲ್ಲಿ ಎಣಿಸಿದರೆ 12!

ಈಗ ಕೌಂಟರ್ ಕಳಿಸೋದು ‘3 ಮಾರಿದೆ’ ಅಂತ ಮಾತ್ರ. ಕಳೆಯೋ ಕೆಲಸ ಸರ್ವರ್‌ದು. ಯಾವುದು ಮೊದಲು ಬಂದರೂ 12 ಬರುತ್ತೆ.

ಆದರೆ ಸರ್ವರ್‌ನ ಉತ್ತರ ತಲುಪೋ ಮುಂಚೆ ನೆಟ್ ಕಡಿದರೆ, ಕೌಂಟರ್ ಅದೇ ಬಿಲ್ಲನ್ನು ಮತ್ತೆ ಕಳಿಸುತ್ತೆ. ಅದಕ್ಕೇ ಬಿಲ್ ಮಾಡುವಾಗಲೇ ಕೌಂಟರಿನ ಗುರುತು ಸೇರಿಸಿ ನಂಬರ್ ಕೊಡ್ತೀವಿ, `A-101`, `B-101` ಥರ. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಮತ್ತೆ ಕಳೆಯಲ್ಲ.

ಫೋನ್ ಆರ್ಡರಿಗೆ ಕೊನೆಯ ಬಾಟಲಿಯನ್ನು ಎರಡೂ ಕೌಂಟರಲ್ಲಿ ಮಾರಿಬಿಟ್ಟರೆ ಇದು ತಡೆಯಲ್ಲ. ಸ್ಟಾಕ್ -1 ತೋರಿಸುತ್ತೆ. ಗ್ರಾಹಕರಿಗೆ ಫೋನ್ ಮಾಡಿ ಹೇಳೋದು ನಾನೇ.